ಕೇಬಲ್‌ನಲ್ಲಿ ಸಿಗುತ್ತಿದ್ದ ಗೆಸ್ಟ್ ವೈಫೈಗೆ ಬಂದ ಮೇಲೆ ಯಾಕೆ ಸಿಗಲಿಲ್ಲ: ಒಂದು ಬ್ರಿಡ್ಜ್ ಪ್ರಕರಣ

ಗೆಳೆಯರೊಬ್ಬರ ಮನೆಯಲ್ಲಿ ಫೈಲ್ ಸರ್ವರ್ ಇದೆ. ಅದು ಬೇರೆ ಯಂತ್ರವಲ್ಲ. ಲಿನಕ್ಸ್ ಡೆಸ್ಕ್‌ಟಾಪ್ ಮೇಲೆ ಕೆವಿಎಂನಲ್ಲಿ ಓಡುವ ಒಂದು ಗೆಸ್ಟ್, ಅಂದರೆ ವರ್ಚುವಲ್ ಯಂತ್ರ, ಅದರೊಳಗೆ ಫೈಲ್ ಹಂಚುವ ಸಾಂಬಾ. ಡೆಸ್ಕ್‌ಟಾಪ್‌ಗೆ ರೂಟರ್‌ನಿಂದ ಕೇಬಲ್ ಬರುತ್ತಿತ್ತು. `br0` ಅಂತ ಒಂದು ಬ್ರಿಡ್ಜ್ ಮಾಡಿ ಈಥರ್ನೆಟ್ ಕಾರ್ಡನ್ನೂ ಗೆಸ್ಟನ್ನೂ ಅದಕ್ಕೆ ಸೇರಿಸಿದ್ದರು. ಗೆಸ್ಟ್‌ಗೆ ರೂಟರೇ ವಿಳಾಸ ಕೊಡುತ್ತಿತ್ತು, ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲದರಿಂದಲೂ ಅದು ನೇರವಾಗಿ ಸಿಗುತ್ತಿತ್ತು.

ಆಮೇಲೆ ಅದೇ ಗೆಸ್ಟನ್ನು ಲ್ಯಾಪ್‌ಟಾಪ್‌ಗೆ ಸಾಗಿಸಿದರು. ಅದರಲ್ಲಿ ಕೇಬಲ್ ಹಾಕುವ ಜಾಗವೇ ಇಲ್ಲ, ಇರುವುದು ವೈಫೈ ಮಾತ್ರ. ಅದೇ ಹೆಜ್ಜೆಗಳನ್ನು ಮತ್ತೆ ಹಾಕಿದಾಗ ಮೊದಲ ಆಜ್ಞೆಯೇ ಮುರಿಯಿತು:

```
# ip link set wlp3s0 master br0
Error: Device does not allow enslaving to a bridge.
```

ಹಳೆಯ ಲಿನಕ್ಸ್ ಆಗಿದ್ದರೆ ಇದೇ ಜಾಗದಲ್ಲಿ `Operation not supported` ಅಂತಷ್ಟೇ ಕಾಣುತ್ತದೆ. ಎರಡರ ಅರ್ಥವೂ ಒಂದೇ. ಡ್ರೈವರ್ ಕೆಟ್ಟಿಲ್ಲ, ಅನುಮತಿಯ ತೊಂದರೆಯೂ ಅಲ್ಲ. ಲಿನಕ್ಸ್ ಕರ್ನಲ್ 2.6.33ರಿಂದ, ಅಂದರೆ 2010ರಿಂದ, ಮಾಮೂಲಿ ಕ್ಲೈಂಟ್ ಆಗಿ ಸೇರಿಕೊಂಡ ವೈಫೈ ಕಾರ್ಡನ್ನು ಬ್ರಿಡ್ಜ್‌ಗೆ ಸೇರಿಸಲು ಬೇಕಂತಲೇ ಬಿಡುವುದಿಲ್ಲ. ಅದಕ್ಕೂ ಮುಂಚೆ ಬಿಡುತ್ತಿತ್ತು, ಆದರೆ ಸೇರಿಸಿದ ಮೇಲೆ ಕೆಲಸ ಮಾಡುತ್ತಿರಲಿಲ್ಲ. ಈಗ ಬಾಗಿಲಲ್ಲೇ ತಡೆಯುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ, ಯಾಕಂದರೆ ಸದ್ದಿಲ್ಲದೆ ಸೋಲುವ ಜಾಲವನ್ನು ಹುಡುಕುವುದು ತುಂಬಾ ಕಷ್ಟ.

ಆ ಕಷ್ಟ ಇಲ್ಲೂ ಬಂತು. ಬ್ರಿಡ್ಜ್ ಆಗದಿದ್ದಾಗ ಅವರು ವರ್ಚುವಲ್ ಮಶೀನ್ ಮ್ಯಾನೇಜರ್‌ನಲ್ಲಿ, ಗೆಸ್ಟನ್ನು ಹೋಸ್ಟ್‌ನ ಜಾಲ ಕಾರ್ಡ್‌ಗೆ ನೇರವಾಗಿ ಜೋಡಿಸುವ ಮ್ಯಾಕ್‌ವಿಟ್ಯಾಪ್ ಆಯ್ಕೆ ಮಾಡಿ `wlp3s0` ತೋರಿಸಿದರು. ಇದಕ್ಕೆ ಕರ್ನಲ್ ತಕರಾರು ಮಾಡಲಿಲ್ಲ. ಗೆಸ್ಟ್ ಬೂಟ್ ಆಯಿತು, ಲಿಂಕ್ ಇದೆ ಅಂತ ತೋರಿಸಿತು. ಆದರೆ ಡಿಎಚ್‌ಸಿಪಿಗೆ ಉತ್ತರವೇ ಇಲ್ಲ. ವಿಳಾಸವನ್ನು ಕೈಯಾರೆ ಕೊಟ್ಟರೂ ರೂಟರ್‌ಗೆ ಪಿಂಗ್ ಹೋಗಲಿಲ್ಲ.

ನನಗೆ ಅವರು ಕಳಿಸಿದ ಮೊದಲ ಪ್ರಶ್ನೆ ಹೀಗಿತ್ತು: "ಗೆಸ್ಟ್ ಒಳಗೆ ಟಿಸಿಪಿಡಂಪ್ ಹಾಕಿದರೆ ಮನೆಯ ಬೇರೆ ಯಂತ್ರಗಳ ಎಆರ್‌ಪಿ ಪ್ರಶ್ನೆಗಳು ಕಾಣ್ತಾ ಇವೆ, ಹೋಸ್ಟ್‌ನಲ್ಲಿ ಹಾಕಿದರೆ ಗೆಸ್ಟ್ ಕಳಿಸೋ ಫ್ರೇಮ್‌ಗಳು ಹೊರಗೆ ಹೋಗೋದೂ ಕಾಣುತ್ತೆ, ಹಾಗಿದ್ರೆ ಮಧ್ಯೆ ನುಂಗ್ತಾ ಇರೋದು ಯಾರು?"

ಇದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಮುಂದಿನ ಎಲ್ಲ ದಾರಿಗಳೂ ತಾವಾಗಿಯೇ ಅರ್ಥವಾಗುತ್ತವೆ.

ಗಾಳಿಗೆ ಹೋಗುವ ಫ್ರೇಮ್‌ನಲ್ಲಿ ಏನಿರುತ್ತದೆ

ಈಥರ್ನೆಟ್ ಫ್ರೇಮ್‌ನಲ್ಲಿ ಎರಡು ಮ್ಯಾಕ್ ವಿಳಾಸ ಇರುತ್ತವೆ, ಯಾರಿಗೆ ಮತ್ತು ಯಾರಿಂದ. ಮಧ್ಯದ ಸ್ವಿಚ್ ತನ್ನ ವಿಳಾಸವನ್ನು ಎಲ್ಲೂ ಬರೆಯುವುದಿಲ್ಲ. ಒಂದು ಪೋರ್ಟ್ ಹಿಂದೆ ಹತ್ತು ಮ್ಯಾಕ್ ವಿಳಾಸ ಕಂಡರೂ ಅದಕ್ಕೆ ಬೇಸರವಿಲ್ಲ, ಹತ್ತನ್ನೂ ಕಲಿತು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಸಾಫ್ಟ್‌ವೇರ್ ಬ್ರಿಡ್ಜ್ ನಿಂತಿರುವುದೇ ಈ ಉದಾರತೆಯ ಮೇಲೆ.

ವೈಫೈ ಹಾಗಲ್ಲ. ಲ್ಯಾಪ್‌ಟಾಪ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಮಾಮೂಲಿ ಫ್ರೇಮ್‌ನಲ್ಲಿ ಮೂರು ವಿಳಾಸಗಳಿವೆ. ಮೊದಲನೆಯದು ಆಕ್ಸೆಸ್ ಪಾಯಿಂಟ್‌ದು, ಅದೇ ಈ ಫ್ರೇಮನ್ನು ಗಾಳಿಯಿಂದ ಹಿಡಿಯಬೇಕಾದದ್ದು. ಮೂರನೆಯದು ಕೊನೆಗೆ ತಲುಪಬೇಕಾದ ಯಂತ್ರದ್ದು. ಎರಡನೆಯದು ಕಳಿಸಿದವರದು. ತೊಂದರೆ ಇರುವುದು ಈ ಎರಡನೆಯದರಲ್ಲಿ. "ಗಾಳಿಗೆ ಬಿಟ್ಟವರು ಯಾರು" ಮತ್ತು "ಮೂಲದಲ್ಲಿ ಬರೆದವರು ಯಾರು" ಅನ್ನುವ ಎರಡು ಪ್ರಶ್ನೆಗೂ ಇಲ್ಲಿ ಒಂದೇ ಜಾಗ. ಕ್ಲೈಂಟ್ ಅಂದರೆ ತನ್ನ ಮಾತನ್ನು ಮಾತ್ರ ಆಡುವ ಯಂತ್ರ ಅನ್ನುವ ನಂಬಿಕೆಯ ಮೇಲೆ ಈ ಫ್ರೇಮ್ ನಿಂತಿದೆ.

ಗೆಸ್ಟ್ ಕಳಿಸಿದ ಫ್ರೇಮ್ ಮ್ಯಾಕ್‌ವಿಟ್ಯಾಪ್ ಮೂಲಕ ವೈಫೈ ಪದರಕ್ಕೆ ಬಂದಾಗ, ಲಿನಕ್ಸ್‌ನ ವೈಫೈ ಕೋಡ್ ಆ ಈಥರ್ನೆಟ್ ಫ್ರೇಮ್‌ನ ಮೂಲ ವಿಳಾಸವನ್ನೇ ಎತ್ತಿ ಎರಡನೆಯ ಜಾಗದಲ್ಲಿ ಇಡುತ್ತದೆ. ಅಂದರೆ ಅಲ್ಲಿ ಗೆಸ್ಟ್‌ನ `52:54:00` ಇಂದ ಶುರುವಾಗುವ ವಿಳಾಸ ಕೂರುತ್ತದೆ. ಈಗ ಆಕ್ಸೆಸ್ ಪಾಯಿಂಟ್ ಕಡೆಯಿಂದ ನೋಡಿ. ಅದರ ಹತ್ತಿರ ಸೇರಿಕೊಂಡ ಕ್ಲೈಂಟ್‌ಗಳ ಪಟ್ಟಿ ಇದೆ, ಆ ಪಟ್ಟಿಯಲ್ಲಿ ಲ್ಯಾಪ್‌ಟಾಪ್‌ನ ವಿಳಾಸ ಇದೆ, `52:54:00...` ಇಲ್ಲ. ಸೇರಿಕೊಳ್ಳದವರು ಡೇಟಾ ಕಳಿಸಿದರೆ ಅದನ್ನು ಎಸೆಯಬೇಕು ಅಂತಲೇ ನಿಯಮ. ಹಾಗೆ ಕಳಿಸಿದವರಿಗೆ "ನೀನು ಸೇರಿಕೊಂಡಿಲ್ಲ" ಅಂತ ತಿಳಿಸುವುದಕ್ಕೆ ಒಂದು ಕಾರಣ ಸಂಖ್ಯೆಯೇ ಇದೆ, 7.

ಪಾಸ್‌ವರ್ಡ್ ಇರುವ ಜಾಲದಲ್ಲಿ ಇನ್ನೊಂದು ಗೋಡೆಯೂ ಇದೆ. ಡಬ್ಲ್ಯುಪಿಎ2ರಲ್ಲಿ ಪ್ರತಿ ಕ್ಲೈಂಟ್‌ಗೂ ಬೇರೆ ಬೇರೆ ಗೂಢಲಿಪಿ ಕೀಲಿ ತಯಾರಾಗುತ್ತದೆ, ಮತ್ತು ಅದನ್ನು ತಯಾರಿಸುವ ಲೆಕ್ಕದೊಳಗೆ ಆ ಕ್ಲೈಂಟ್‌ನ ಮ್ಯಾಕ್ ವಿಳಾಸವೂ ಸೇರಿರುತ್ತದೆ. ಗೆಸ್ಟ್‌ನ ವಿಳಾಸಕ್ಕೆ ಆಕ್ಸೆಸ್ ಪಾಯಿಂಟ್ ಹತ್ತಿರ ಕೀಲಿಯೇ ಇಲ್ಲ. ಹಾಗಾಗಿ ಅದು ಕನಿಕರ ತೋರಿಸಿ ಫ್ರೇಮ್ ಒಪ್ಪಿಕೊಳ್ಳೋಣ ಅಂದರೂ ಬಿಡಿಸಿ ಓದುವ ದಾರಿ ಇಲ್ಲ.

ವಾಪಸ್ ಬರುವ ದಿಕ್ಕಿನಲ್ಲೂ ಇದೇ ಕಥೆ. ರೂಟರ್ ಗೆಸ್ಟ್‌ನ ಮ್ಯಾಕ್‌ಗೆ ಏನಾದರೂ ಕಳಿಸಬೇಕಾದರೆ, ಆ ಮ್ಯಾಕ್ ಯಾವ ವೈಫೈ ಕ್ಲೈಂಟ್ ಹಿಂದೆ ಇದೆ ಅಂತ ಅದಕ್ಕೆ ಗೊತ್ತಿರಬೇಕು. ಗೊತ್ತಾಗುವ ದಾರಿಯೇ ಇಲ್ಲ. ಆದರೆ ಎಲ್ಲರಿಗೂ ಕಳಿಸುವ ಬ್ರಾಡ್‌ಕಾಸ್ಟ್ ಫ್ರೇಮ್‌ಗಳ ವಿಷಯ ಬೇರೆ. ಅವು ಎಲ್ಲ ಕ್ಲೈಂಟ್‌ಗಳಿಗೂ ಗೊತ್ತಿರುವ ಒಂದೇ ಗುಂಪು ಕೀಲಿಯಲ್ಲಿ ಬರುತ್ತವೆ. ಲ್ಯಾಪ್‌ಟಾಪ್ ಅವನ್ನು ಹಿಡಿಯುತ್ತದೆ, ಮ್ಯಾಕ್‌ವಿಟ್ಯಾಪ್ ಅದರ ಪ್ರತಿಯನ್ನು ಗೆಸ್ಟ್‌ಗೂ ಕೊಡುತ್ತದೆ. ಗೆಳೆಯರಿಗೆ ಗೆಸ್ಟ್ ಒಳಗೆ ಮನೆಯ ಎಆರ್‌ಪಿ ಪ್ರಶ್ನೆಗಳು ಕಂಡಿದ್ದು ಇದರಿಂದಲೇ. ಕಿವಿ ಕೇಳುತ್ತದೆ, ಬಾಯಿ ಮಾತ್ರ ಇಲ್ಲ. ಈ ಅರ್ಧ ಕೆಲಸ ಮಾಡುವ ಸ್ಥಿತಿ ಜನರನ್ನು ಜಾಸ್ತಿ ದಾರಿ ತಪ್ಪಿಸುತ್ತದೆ, "ಜಾಲ ಬರ್ತಾ ಇದೆಯಲ್ಲ, ಇನ್ನೇನೋ ಫೈರ್‌ವಾಲ್ ಇರಬೇಕು" ಅಂತ ಗಂಟೆಗಟ್ಟಲೆ ಫೈರ್‌ವಾಲ್ ನಿಯಮಗಳನ್ನು ಕೆದಕುತ್ತಾ ಕೂರುತ್ತಾರೆ.

ಅನುಮಾನ ತೀರಿಸಿಕೊಂಡದ್ದು ಹೇಗೆ

ಹೋಸ್ಟ್‌ನಲ್ಲಿ ಟಿಸಿಪಿಡಂಪ್ ಹಾಕಿದರೆ ಫ್ರೇಮ್ ಹೊರಗೆ ಹೋದಂತೆ ಕಾಣುವುದು ಸಹಜ. ಅದು ನೋಡುವುದು ಡ್ರೈವರ್‌ಗೆ ಒಪ್ಪಿಸುವ ಕ್ಷಣವನ್ನು ಮಾತ್ರ, ಗಾಳಿಯಲ್ಲಿ ಆಮೇಲೆ ಏನಾಯಿತು ಅಂತ ಅಲ್ಲ. ಆದ್ದರಿಂದ ನೋಡಬೇಕಾದದ್ದು ಮೂರನೇ ಯಂತ್ರದಲ್ಲಿ. ಹಳೆಯ ಡೆಸ್ಕ್‌ಟಾಪ್ ಇನ್ನೂ ರೂಟರ್‌ಗೆ ಕೇಬಲ್‌ನಲ್ಲಿ ಸೇರಿಕೊಂಡೇ ಇತ್ತು. ಅದರ ಮೇಲೆ ಇದನ್ನು ಓಡಿಸಲು ಹೇಳಿದೆ:

```
tcpdump -eni eth0 ether host 52:54:00:3b:10:7c
```

ನಂತರ ಗೆಸ್ಟ್‌ನಲ್ಲಿ ಡಿಎಚ್‌ಸಿಪಿ ಮತ್ತೆ ಶುರು ಮಾಡಿದರು. ಡಿಎಚ್‌ಸಿಪಿಯ ಮೊದಲ ಕೂಗು ಬ್ರಾಡ್‌ಕಾಸ್ಟ್, ಜಾಲದ ಎಲ್ಲ ಮೂಲೆಗೂ ಕೇಳಬೇಕು. ಡೆಸ್ಕ್‌ಟಾಪ್ ಪರದೆಯ ಮೇಲೆ ಒಂದು ಸಾಲೂ ಬರಲಿಲ್ಲ. ಅಂದರೆ ರೂಟರ್‌ನ ಡಿಎಚ್‌ಸಿಪಿ ಸರಿಯಿಲ್ಲ ಅಂತಲ್ಲ, ಗೆಸ್ಟ್‌ನ ಕೂಗು ಆಕ್ಸೆಸ್ ಪಾಯಿಂಟನ್ನು ದಾಟಲೇ ಇಲ್ಲ. ಗೆಸ್ಟ್‌ನ ಬ್ರಾಡ್‌ಕಾಸ್ಟ್ ಮೂರನೇ ಯಂತ್ರಕ್ಕೆ ಕಾಣುತ್ತದೆಯೋ ಇಲ್ಲವೋ, ಅಷ್ಟು ನೋಡಿದರೆ ಸಾಕು. ಕಂಡರೆ ಸಮಸ್ಯೆ ಮೇಲಿನ ಪದರದ್ದು, ಕಾಣದಿದ್ದರೆ ನೀವು ಈ ಮೂರು ವಿಳಾಸದ ಗೋಡೆಗೇ ತಲೆ ಚಚ್ಚಿಕೊಳ್ಳುತ್ತಿದ್ದೀರಿ.

ಹಾಗಿದ್ರೆ ವರ್ಚುವಲ್‌ಬಾಕ್ಸ್‌ನಲ್ಲಿ ಹೇಗೆ ಆಗುತ್ತೆ?

ಈ ಪ್ರಶ್ನೆ ಅವರೂ ಕೇಳಿದರು, ಎಲ್ಲರೂ ಕೇಳುತ್ತಾರೆ. ವರ್ಚುವಲ್‌ಬಾಕ್ಸ್‌ನಲ್ಲಿ ವೈಫೈ ಕಾರ್ಡ್ ಆರಿಸಿ "ಬ್ರಿಡ್ಜ್ಡ್" ಅಂದರೆ ಎಷ್ಟೋ ಸಲ ಸುಮ್ನೆ ಕೆಲಸ ಮಾಡಿಬಿಡುತ್ತದೆ. ಆದರೆ ಅದು ನಿಜವಾದ ಬ್ರಿಡ್ಜ್ ಅಲ್ಲ. ಹೊರಗೆ ಹೋಗುವಾಗ ಗೆಸ್ಟ್‌ನ ಮ್ಯಾಕ್ ತೆಗೆದು ಹೋಸ್ಟ್‌ನ ಮ್ಯಾಕ್ ಹಾಕುತ್ತದೆ. ಒಳಗೆ ಬರುವಾಗ ಐಪಿ ವಿಳಾಸ ನೋಡಿ "ಇದು ಗೆಸ್ಟ್‌ಗೆ ಸೇರಿದ್ದು" ಅಂತ ಗುರುತಿಸಿ ಮ್ಯಾಕ್ ತಿರುಗಿಸಿ ಕೊಡುತ್ತದೆ. ಆಕ್ಸೆಸ್ ಪಾಯಿಂಟ್‌ಗೆ ಕಾಣುವುದು ಒಂದೇ ಕ್ಲೈಂಟ್, ಹಾಗಾಗಿ ಅದಕ್ಕೆ ತಕರಾರಿಲ್ಲ.

ಐಪಿ ನೋಡಿ ಗುರುತಿಸುವುದರಿಂದ ಐಪಿವಿ4 ಮತ್ತು ಐಪಿವಿ6 ಬಿಟ್ಟು ಬೇರೇನೂ ದಾಟುವುದಿಲ್ಲ. ಇದನ್ನು ಅವರ ಕೈಪಿಡಿಯೇ ಹೇಳುತ್ತದೆ. ಡಿಎಚ್‌ಸಿಪಿ ಇನ್ನೂ ಸೂಕ್ಷ್ಮ. ಆ ಸಂದೇಶದ ಒಳಗೂ ಗೆಸ್ಟ್‌ನ ಮ್ಯಾಕ್ ಬರೆದಿರುತ್ತದೆ, ಸರ್ವರ್ ಆ ಮ್ಯಾಕ್‌ಗೇ ನೇರವಾಗಿ ಉತ್ತರ ಕಳಿಸಿದರೆ ಅದು ಗಾಳಿಯಲ್ಲಿ ಕಳೆದುಹೋಗುತ್ತದೆ. ಅದಕ್ಕೆ "ಉತ್ತರವನ್ನು ಬ್ರಾಡ್‌ಕಾಸ್ಟ್ ಮಾಡು" ಅನ್ನುವ ಗುರುತನ್ನು ಹಾಕಿ ಕಳಿಸಬೇಕಾಗುತ್ತದೆ. ರೂಟರ್ ಆ ಗುರುತಿಗೆ ಬೆಲೆ ಕೊಡದಿದ್ದರೆ ವಿಳಾಸ ಸಿಗುವುದಿಲ್ಲ. ಒಂದೇ ಮ್ಯಾಕ್ ಹಿಂದೆ ಎರಡು ಐಪಿ ಕಂಡರೆ ಎರಡನೆಯದನ್ನು ತಡೆಯುವಂತೆ ರೂಟರ್‌ನಲ್ಲಿ ಮ್ಯಾಕ್ ಮತ್ತು ಐಪಿ ಕಟ್ಟಿಹಾಕಿದ್ದರೆ ಅಲ್ಲೂ ಸೋಲುತ್ತದೆ. ಹಾಗಾಗಿ ಒಬ್ಬರ ಮನೆಯಲ್ಲಿ ಆಗುವುದು ಇನ್ನೊಬ್ಬರ ಮನೆಯಲ್ಲಿ ಆಗಲ್ಲ. ಇಬ್ಬರೂ ಹೇಳುತ್ತಿರುವುದು ನಿಜವೇ.

ಕೆವಿಎಂ ಈ ತಂತ್ರವನ್ನು ತಾನಾಗಿ ಮಾಡುವುದಿಲ್ಲ. ಮಾಡಬೇಕಾದರೆ ನಾವೇ ಮಾಡಿಕೊಳ್ಳಬೇಕು.

ಮೇಜಿನ ಮೇಲಿದ್ದ ದಾರಿಗಳು

ನಿಜವಾದ ಬ್ರಿಡ್ಜ್ ಬೇಕಾದರೆ ದಾರಿ ಒಂದಿದೆ: ನಾಲ್ಕು ವಿಳಾಸದ ಫ್ರೇಮ್. 1997ರ ಮೂಲ ವೈಫೈ ಮಾನಕದಲ್ಲೇ ನಾಲ್ಕನೇ ವಿಳಾಸಕ್ಕೆ ಜಾಗ ಇದೆ. ಆಗ ಗಾಳಿಗೆ ಬಿಟ್ಟವರು ಮತ್ತು ಮೂಲ ಕಳಿಸಿದವರು ಬೇರೆ ಬೇರೆ ಕಾಲಂನಲ್ಲಿ ಕೂರುತ್ತಾರೆ. ಲಿನಕ್ಸ್‌ನಲ್ಲಿ `iw dev wlp3s0 set 4addr on` ಅಂದರೆ ಕಾರ್ಡ್ ಆ ರೀತಿಗೆ ತಿರುಗುತ್ತದೆ, ಮತ್ತು ಅದಾದ ಮೇಲೆ ಕರ್ನಲ್ ಕೂಡ ಅದನ್ನು `br0`ಗೆ ಸೇರಿಸಲು ಒಪ್ಪುತ್ತದೆ. ಆದರೆ ಆಚೆ ಬದಿಯ ಆಕ್ಸೆಸ್ ಪಾಯಿಂಟ್‌ಗೂ ಈ ಭಾಷೆ ಬರಬೇಕು. ಓಪನ್‌ಡಬ್ಲ್ಯುಆರ್‌ಟಿ ಇದ್ದರೆ ಡಬ್ಲ್ಯುಡಿಎಸ್ ಅಂತ ಆಯ್ಕೆ ಇದೆ, ಹೋಸ್ಟ್‌ಎಪಿಡಿ ಬಳಸುವವರು `wds_sta=1` ಹಾಕಬಹುದು. ಗೆಳೆಯರ ರೂಟರ್ ಸಂಪರ್ಕ ಕೊಟ್ಟವರೇ ಇಟ್ಟುಹೋದದ್ದು, ಅದರಲ್ಲಿ ಇಂಥ ಆಯ್ಕೆಯೇ ಇರಲಿಲ್ಲ. ಇಂಥ ರೂಟರ್ ಮುಂದೆ ಕ್ಲೈಂಟ್ ಬದಿಯಲ್ಲಿ ಮಾತ್ರ ನಾಲ್ಕು ವಿಳಾಸ ಶುರು ಮಾಡಿದರೆ ವೈಫೈ ಸೇರಿಕೊಂಡಂತೆ ತೋರಿಸಿಯೂ ಡೇಟಾ ಹರಿಯದೆ ನಿಲ್ಲುತ್ತದೆ, ಗೆಸ್ಟ್ ಜೊತೆ ಹೋಸ್ಟ್ ಕೂಡ ಜಾಲ ಕಳೆದುಕೊಳ್ಳುತ್ತದೆ. ಆ ದಾರಿ ಅಲ್ಲಿಗೆ ಮುಗಿಯಿತು.

ನ್ಯಾಟ್ ಇಟ್ಟುಕೊಂಡು ಪೋರ್ಟ್ ದಾಟಿಸುವುದು ಎಲ್ಲಕ್ಕಿಂತ ಸುಲಭ. ವೆಬ್ ಸರ್ವರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಸಾಂಬಾಗೆ 445ನೇ ಪೋರ್ಟ್ ಬೇಕು, ಹೋಸ್ಟ್‌ನಲ್ಲೂ ಒಂದು ಸಾಂಬಾ ಅದೇ ಪೋರ್ಟ್ ಹಿಡಿದು ಕೂತಿತ್ತು. ಫೋನು, ಟಿವಿಗಳ ಬಹಳಷ್ಟು ಆ್ಯಪ್‌ಗಳಲ್ಲಿ ಬೇರೆ ಪೋರ್ಟ್ ಬರೆಯುವ ಜಾಗವೇ ಇರುವುದಿಲ್ಲ.

ಗೆಸ್ಟ್‌ಗೆ ಬೇರೆಯದೇ ಸಬ್‌ನೆಟ್ ಕೊಟ್ಟು ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಬರೆಯುವುದು ನನ್ನ ಪ್ರಕಾರ ಅತ್ಯಂತ ಶುದ್ಧವಾದ ಪರಿಹಾರ. ಅದಕ್ಕೆ ರೂಟರ್‌ನಲ್ಲಿ ಆ ಪುಟ ಇರಬೇಕು. ಇದ್ದರೂ ಕೆಲವು ರೂಟರ್‌ಗಳು ತಮ್ಮದೇ ಸಬ್‌ನೆಟ್‌ಗೆ ಮಾತ್ರ ಇಂಟರ್ನೆಟ್ ಕಡೆಗೆ ನ್ಯಾಟ್ ಮಾಡುತ್ತವೆ. ಆಗ ಗೆಸ್ಟ್‌ಗೆ ಮನೆಯೊಳಗೆಲ್ಲ ಸಿಗುತ್ತದೆ, ಹೊರಜಗತ್ತು ಸಿಗಲ್ಲ. ಇಲ್ಲಿ ಆ ಪುಟವೇ ಇರಲಿಲ್ಲ.

ಉಳಿದದ್ದು ಎರಡು. ಒಂದು, ಯುಎಸ್‌ಬಿ ವೈಫೈ ಅಡಾಪ್ಟರ್ ಒಂದನ್ನು ಇಡಿಯಾಗಿ ಗೆಸ್ಟ್‌ಗೇ ಒಪ್ಪಿಸುವುದು. ಆಗ ಗೆಸ್ಟ್ ತಾನೇ ಒಂದು ಕ್ಲೈಂಟ್ ಆಗುತ್ತದೆ, ತನ್ನ ಮ್ಯಾಕ್, ತನ್ನ ಕೀಲಿ, ಯಾವ ತಂತ್ರವೂ ಬೇಡ. ಆದರೆ ಇವರು ದಿನವೂ ಹೋಸ್ಟ್‌ನಿಂದ ಗೆಸ್ಟ್‌ಗೆ ದೊಡ್ಡ ಫೈಲ್‌ಗಳನ್ನು ಸಾಗಿಸುತ್ತಾರೆ. ಹಾಗೆ ಮಾಡಿದರೆ ಒಂದೇ ಪೆಟ್ಟಿಗೆಯೊಳಗಿನ ಎರಡು ಯಂತ್ರಗಳ ಮಾತು ಗಾಳಿಗೆ ಹೋಗಿ, ರೂಟರ್ ಮುಟ್ಟಿ, ಮತ್ತೆ ಗಾಳಿಯಲ್ಲಿ ವಾಪಸ್ ಬರಬೇಕು. ಅದೂ ಸಾಮಾನ್ಯವಾಗಿ ಒಂದೇ ಚಾನೆಲ್‌ನಲ್ಲಿ, ಅಂದರೆ ವೇಗ ಅರ್ಧಕ್ಕಿಂತ ಕೆಳಗೆ.

ಇನ್ನೊಂದು, ಪ್ರಾಕ್ಸಿ ಎಆರ್‌ಪಿ. ಅದನ್ನೇ ಆರಿಸಿದೆವು.

ಪ್ರಾಕ್ಸಿ ಎಆರ್‌ಪಿ, ಹೆಜ್ಜೆ ಹೆಜ್ಜೆಯಾಗಿ

ಇದು ಹಳೆಯ ಉಪಾಯ, 1987ರ ಆರ್‌ಎಫ್‌ಸಿ 1027ರಲ್ಲೇ ಇದೆ. ಮನೆಯ ಜಾಲದ ಒಂದು ವಿಳಾಸ, ಇಲ್ಲಿ 192.168.1.200, ಗೆಸ್ಟ್‌ಗೆ ಕೊಡುತ್ತೇವೆ. "192.168.1.200 ಯಾರು?" ಅಂತ ಜಾಲದಲ್ಲಿ ಯಾರಾದರೂ ಕೂಗಿದರೆ ಲ್ಯಾಪ್‌ಟಾಪ್ "ನಾನೇ" ಅಂತ ತನ್ನ ಮ್ಯಾಕ್ ಕೊಡುತ್ತದೆ. ಪ್ಯಾಕೆಟ್ ಬಂದ ಮೇಲೆ ಅದನ್ನು ರೂಟಿಂಗ್ ಮೂಲಕ ಗೆಸ್ಟ್‌ಗೆ ದಾಟಿಸುತ್ತದೆ. ಆ ಕಡೆ ಗೆಸ್ಟ್ "192.168.1.1 ಯಾರು?" ಅಂದರೂ ಲ್ಯಾಪ್‌ಟಾಪೇ "ನಾನೇ" ಅನ್ನುತ್ತದೆ. ಗಾಳಿಯಲ್ಲಿ ಹೋಗುವ ಎಲ್ಲ ಫ್ರೇಮ್‌ಗಳ ಮೇಲೂ ಲ್ಯಾಪ್‌ಟಾಪ್‌ನ ಮ್ಯಾಕ್ ಮಾತ್ರ ಇರುತ್ತದೆ. ಎರಡೂ ಬದಿಗೆ ತಾವು ಒಂದೇ ಜಾಲದಲ್ಲಿದ್ದೇವೆ ಅನ್ನಿಸುತ್ತದೆ.

ಮೊದಲು ವಿಳಾಸದ ಆಯ್ಕೆ. ರೂಟರ್ 100ರಿಂದ 199ರವರೆಗೆ ಡಿಎಚ್‌ಸಿಪಿಯಲ್ಲಿ ಹಂಚುತ್ತಿತ್ತು. ಅದರ ಹೊರಗಿನ 200 ಆರಿಸಿದೆವು, ಇಲ್ಲದಿದ್ದರೆ ಒಂದು ದಿನ ಯಾವುದೋ ಫೋನ್‌ಗೂ ಅದೇ ವಿಳಾಸ ಹೋಗಿಬಿಡುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ವಿಳಾಸ 192.168.1.20, ಅದನ್ನು ರೂಟರ್‌ನಲ್ಲಿ ಕಾಯ್ದಿರಿಸಿದ್ದರು.

ಹೋಸ್ಟ್‌ನಲ್ಲಿ, ರೂಟ್ ಆಗಿ:

```
ip link add brvm type bridge
ip addr add 192.168.1.20/32 dev brvm
ip link set brvm up
ip route add 192.168.1.200/32 dev brvm
sysctl -w net.ipv4.ip_forward=1
sysctl -w net.ipv4.conf.brvm.proxy_arp=1
ip neigh add proxy 192.168.1.200 dev wlp3s0
```

`brvm`ನಲ್ಲಿ ಗೆಸ್ಟ್ ಮಾತ್ರ ಇರುತ್ತದೆ, ವೈಫೈ ಕಾರ್ಡನ್ನು ಅದಕ್ಕೆ ಸೇರಿಸುವುದೇ ಇಲ್ಲ. ಗೆಸ್ಟ್‌ನ ಎಕ್ಸ್‌ಎಂಎಲ್‌ನಲ್ಲಿ ಮ್ಯಾಕ್‌ವಿಟ್ಯಾಪ್ ತೆಗೆದು ಈ ಬ್ರಿಡ್ಜ್ ಹೆಸರು ಕೊಟ್ಟರು. ಎರಡನೇ ಸಾಲಿನಲ್ಲಿ ಲ್ಯಾಪ್‌ಟಾಪ್‌ನ ಅದೇ ವಿಳಾಸವನ್ನು /32 ಆಗಿ ಇಲ್ಲೂ ಇಟ್ಟಿದ್ದೇವೆ. ಹೋಸ್ಟ್ ಗೆಸ್ಟ್ ಜೊತೆ ಮಾತಾಡುವಾಗ ಯಾವ ವಿಳಾಸದಿಂದ ಮಾತಾಡಬೇಕು ಅನ್ನುವುದು ಇದರಿಂದ ನಿಚ್ಚಳವಾಗುತ್ತದೆ, ಬೇರೆ ಪರಿಣಾಮವಿಲ್ಲ.

ಕೊನೆಯ ಎರಡು ಸಾಲುಗಳಲ್ಲಿ ಒಂದು ವ್ಯತ್ಯಾಸ ಇದೆ, ಗಮನಿಸಿ. ಗೆಸ್ಟ್ ಬದಿಯಲ್ಲಿ `proxy_arp=1` ಅಂತ ಪೂರ್ತಿ ತೆರೆದಿದ್ದೇವೆ, ಯಾಕಂದರೆ ಗೆಸ್ಟ್ ಯಾರನ್ನು ಕೇಳಿದರೂ ಹೋಸ್ಟೇ ಉತ್ತರ ಕೊಡಬೇಕು. ವೈಫೈ ಬದಿಯಲ್ಲಿ ಹಾಗೆ ಮಾಡಿಲ್ಲ. ಅಲ್ಲಿ ಒಂದೇ ಒಂದು ವಿಳಾಸಕ್ಕೆ ಉತ್ತರ ಕೊಡು ಅಂತ `ip neigh add proxy` ಮೂಲಕ ಹೇಳಿದ್ದೇವೆ. ವೈಫೈ ಬದಿಯಲ್ಲೂ `proxy_arp=1` ಹಾಕಿದರೆ ಕೆಲಸ ನಡೆಯುತ್ತದೆ ನಿಜ, ಆದರೆ ಆಗ ಲ್ಯಾಪ್‌ಟಾಪ್ ತನಗೆ ಬೇರೆ ಕಡೆಯಿಂದ ದಾರಿ ಗೊತ್ತಿರುವ ಯಾವ ವಿಳಾಸಕ್ಕಾದರೂ "ನಾನೇ" ಅಂದುಬಿಡಬಹುದು. ವಿಪಿಎನ್ ಶುರು ಮಾಡಿದ ದಿನ, ವಿಪಿಎನ್ ಆಚೆಯ ಸಬ್‌ನೆಟ್ ಮನೆಯದರ ಅಂಕಿಗಳನ್ನೇ ಬಳಸುತ್ತಿದ್ದರೆ, ಇಡೀ ಮನೆಯ ಜಾಲ ಕಲಸುಮೇಲೋಗರವಾಗುತ್ತದೆ. ಹಂಚಿಕೊಂಡ ಜಾಲದಲ್ಲಿ ಬೇರೆಯವರ ಪರವಾಗಿ ಉತ್ತರ ಕೊಡುವಾಗ ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ಒಳ್ಳೆಯದು.

ಗೆಸ್ಟ್ ಒಳಗೆ ವಿಳಾಸ 192.168.1.200/24, ಗೇಟ್‌ವೇ 192.168.1.1, ಕೈಯಾರೆ ಬರೆದದ್ದು. ಡಿಎಚ್‌ಸಿಪಿ ಇಲ್ಲಿ ದಾಟುವುದಿಲ್ಲ.

ಆದರೂ ಪಿಂಗ್ ಹೋಗಲಿಲ್ಲ

ಇಷ್ಟಾದ ಮೇಲೆ ಗೆಸ್ಟ್‌ನಿಂದ ಹೋಸ್ಟ್‌ಗೆ ಪಿಂಗ್ ಹೋಯಿತು, ರೂಟರ್‌ಗೆ ಹೋಗಲಿಲ್ಲ. ಇದು ಮೂರು ವಿಳಾಸದ ಸಮಸ್ಯೆಯಲ್ಲ, ಯಾಕಂದರೆ ಈಗ ಗಾಳಿಯಲ್ಲಿ ಗೆಸ್ಟ್‌ನ ಮ್ಯಾಕ್ ಇಲ್ಲವೇ ಇಲ್ಲ. ಹೋಸ್ಟ್‌ನವರೆಗೆ ಬಂದು ಮುಂದೆ ಹೋಗುತ್ತಿಲ್ಲ ಅಂದರೆ ಹೋಸ್ಟೇ ದಾಟಿಸುತ್ತಿಲ್ಲ. `iptables -L FORWARD -v -n` ನೋಡಿದರೆ ಮೊದಲ ಸಾಲಿನಲ್ಲೇ `policy DROP`, ಪಕ್ಕದ ಎಣಿಕೆ ಪ್ರತಿ ಪಿಂಗ್‌ಗೂ ಏರುತ್ತಿತ್ತು. ಆ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಇತ್ತು. ಡಾಕರ್ ಶುರುವಾದಾಗ ಸಾಮಾನ್ಯವಾಗಿ ಫಾರ್ವರ್ಡ್ ಸರಪಳಿಯ ಪಾಲಿಸಿಯನ್ನು ಡ್ರಾಪ್ ಮಾಡಿಬಿಡುತ್ತದೆ. ಎರಡು ಸಾಲು ಸಾಕಾಯಿತು:

```
iptables -I FORWARD -i brvm -o wlp3s0 -j ACCEPT
iptables -I FORWARD -i wlp3s0 -o brvm -j ACCEPT
```

ತಕ್ಷಣ ಪಿಂಗ್ ಹೋಯಿತು. ಮೇಲೆ ಫೈರ್‌ವಾಲ್ ಕೆದಕಬೇಡಿ ಅಂದೆ, ಇಲ್ಲಿ ಫೈರ್‌ವಾಲೇ ಕಾರಣವಾಯಿತು. ವ್ಯತ್ಯಾಸ ಇರುವುದು ಪ್ಯಾಕೆಟ್ ಎಲ್ಲಿ ಸಾಯುತ್ತಿದೆ ಅನ್ನುವುದರಲ್ಲಿ. ಮೊದಲ ಸಲ ಅದು ಹೋಸ್ಟ್‌ನಿಂದ ಹೊರಟು ಗಾಳಿಯಲ್ಲಿ ಸತ್ತಿತ್ತು. ಈ ಸಲ `wlp3s0` ಮೇಲೆ ಟಿಸಿಪಿಡಂಪ್ ಹಾಕಿದರೆ ಹೊರಟದ್ದೇ ಕಾಣುತ್ತಿರಲಿಲ್ಲ.

ಇನ್ನೊಂದು ಸಣ್ಣ ವಿಚಿತ್ರ. ಡೆಸ್ಕ್‌ಟಾಪ್‌ನಿಂದ 192.168.1.200ಕ್ಕೆ ಪಿಂಗ್ ಮಾಡಿದರೆ ಮೊದಲ ಉತ್ತರ ಎಷ್ಟೋ ಸಲ ಅರ್ಧ ಸೆಕೆಂಡಿಗೂ ಹೆಚ್ಚು ತಡವಾಗಿ ಬರುತ್ತಿತ್ತು, ಆಮೇಲಿನವು ಸರಿಯಾಗಿದ್ದವು. ವೈಫೈ ದುರ್ಬಲ ಅಂತ ಅಂದುಕೊಳ್ಳುವುದು ಸುಲಭ. ನಿಜವಾದ ಕಾರಣ ಬೇರೆ. ಬೇರೆಯವರ ಪರವಾಗಿ ಎಆರ್‌ಪಿ ಉತ್ತರ ಕೊಡುವಾಗ ಲಿನಕ್ಸ್ ಬೇಕಂತಲೇ ಸ್ವಲ್ಪ ಕಾಯುತ್ತದೆ, ನಿಜವಾದ ಮಾಲೀಕ ಇದ್ದರೆ ಅವನೇ ಮೊದಲು ಉತ್ತರಿಸಲಿ ಅಂತ. ಹೆಚ್ಚೆಂದರೆ 0.8 ಸೆಕೆಂಡ್, ಅದರೊಳಗೆ ಯಾವುದೋ ಒಂದು ಯಾದೃಚ್ಛಿಕ ಹೊತ್ತು. ಬೇಡವೆನಿಸಿದರೆ:

```
sysctl -w net.ipv4.neigh.wlp3s0.proxy_delay=0
```

ಲ್ಯಾಪ್‌ಟಾಪ್ ಮಲಗಿ ಎದ್ದ ಮೇಲೆ

ಮಾರನೆಯ ದಿನ ಗೆಸ್ಟ್ ಮತ್ತೆ ಕಾಣೆಯಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ವೈಫೈ ಕಡಿದು ಮತ್ತೆ ಸೇರಿಕೊಳ್ಳುತ್ತದೆ. ಇಂಟರ್ಫೇಸ್ ಕೆಳಗೆ ಬಿದ್ದಾಗ ಕರ್ನಲ್ ಅದರ ಮೇಲಿನ ಪ್ರಾಕ್ಸಿ ನಮೂದುಗಳನ್ನೂ ಅಳಿಸಿಬಿಡುತ್ತದೆ. `ip neigh show proxy` ಅಂದರೆ ಖಾಲಿ. ಅದಕ್ಕೆ ನೆಟ್‌ವರ್ಕ್ ಮ್ಯಾನೇಜರ್‌ನ `/etc/NetworkManager/dispatcher.d/` ಒಳಗೆ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟೆವು:

```
#!/bin/sh
[ "$1" = "wlp3s0" ] && [ "$2" = "up" ] || exit 0
[ "$CONNECTION_ID" = "mane" ] || exit 0
ip neigh replace proxy 192.168.1.200 dev wlp3s0
```

ಫೈಲ್ ರೂಟ್ ಒಡೆತನದಲ್ಲಿರಬೇಕು, ಓಡಿಸುವ ಅನುಮತಿ ಇರಬೇಕು, ಇಲ್ಲದಿದ್ದರೆ ಅದು ಓಡುವುದೇ ಇಲ್ಲ. ಮೂರನೇ ಸಾಲನ್ನು ಬಿಡಬೇಡಿ. `mane` ಅನ್ನುವುದು ಮನೆಯ ವೈಫೈ ಸಂಪರ್ಕದ ಹೆಸರು. ಲ್ಯಾಪ್‌ಟಾಪ್ ಬೇರೆಡೆಗೆ ಹೋಗಿ ಅಲ್ಲೂ 192.168.1 ಸಬ್‌ನೆಟ್ ಇದ್ದರೆ, ಅಲ್ಲಿ ಯಾರದೋ ಪ್ರಿಂಟರ್‌ಗೆ 200 ಇದ್ದರೆ, ನಮ್ಮ ಲ್ಯಾಪ್‌ಟಾಪ್ ಆ ಪ್ರಿಂಟರ್ ಹೆಸರಿನಲ್ಲಿ ಉತ್ತರ ಕೊಡಲು ಶುರುಮಾಡುತ್ತದೆ. ಬ್ರಿಡ್ಜ್, ರೂಟ್, ಸಿಸ್‌ಕಂಟ್ರೋಲ್ ಸಾಲುಗಳು ಮತ್ತು ಫೈರ್‌ವಾಲ್ ನಿಯಮಗಳು ಬೂಟ್ ಹೊತ್ತಿಗೆ ಒಮ್ಮೆ ಓಡಿದರೆ ಸಾಕು. ಫೈರ್‌ವಾಲ್ ಸಾಲುಗಳು ಮಾತ್ರ ಡಾಕರ್ ಎದ್ದ ನಂತರ ಬರಲಿ.

ದಾಟದೇ ಉಳಿದದ್ದು

ಇದು ರೂಟಿಂಗ್, ಬ್ರಿಡ್ಜ್ ಅಲ್ಲ. ಹಾಗಾಗಿ ಬ್ರಾಡ್‌ಕಾಸ್ಟ್ ಮತ್ತು ಮಲ್ಟಿಕಾಸ್ಟ್ ದಾಟುವುದಿಲ್ಲ. ಟಿವಿಯಲ್ಲಿ 192.168.1.200 ಅಂತ ಟೈಪ್ ಮಾಡಿದರೆ ಫೈಲ್‌ಗಳು ಬಂದವು, ಆದರೆ ಮೊದಲಿನಂತೆ ಪಟ್ಟಿಯಲ್ಲಿ ತಾನಾಗಿಯೇ ಹೆಸರು ಕಾಣಲಿಲ್ಲ. ಹೆಸರು ಹುಡುಕುವ ಎಂಡಿಎನ್‌ಎಸ್ 224.0.0.251 ಅನ್ನುವ ಮಲ್ಟಿಕಾಸ್ಟ್ ವಿಳಾಸಕ್ಕೆ ಕೂಗುತ್ತದೆ, ಆ ಕೂಗು ಹೋಸ್ಟ್ ಹತ್ತಿರವೇ ನಿಂತುಹೋಗುತ್ತದೆ. ಹೋಸ್ಟ್‌ನಲ್ಲಿ ಅವಾಹಿ ಹಾಕಿ `avahi-daemon.conf` ಒಳಗೆ `enable-reflector=yes` ಮಾಡಿದ ಮೇಲೆ ಆ ಕೂಗನ್ನು ಅದು ಎರಡೂ ಬದಿಗೆ ಮತ್ತೆ ಕೂಗಿ ಹೇಳಲು ಶುರುಮಾಡಿತು, ಎಂಡಿಎನ್‌ಎಸ್ ಬಳಸುವ ಯಂತ್ರಗಳಲ್ಲಿ ಹೆಸರು ಬಂತು. ಟಿವಿಯಲ್ಲಿ ಬರಲಿಲ್ಲ. ಮೀಡಿಯಾ ಸರ್ವರ್ ಹುಡುಕುವ ಎಸ್‌ಎಸ್‌ಡಿಪಿ 239.255.255.250 ಅನ್ನುವ ಬೇರೆಯೇ ವಿಳಾಸ ಬಳಸುತ್ತದೆ, ಅವಾಹಿ ಅದನ್ನು ಮುಟ್ಟುವುದಿಲ್ಲ. ಟಿವಿಗೆ ವಿಳಾಸವನ್ನು ಒಮ್ಮೆ ಟೈಪ್ ಮಾಡಿ ಉಳಿಸಿಕೊಂಡರು, ಅದಕ್ಕಾಗಿ ಇನ್ನೊಂದು ಸೇವೆ ಓಡಿಸುವಷ್ಟು ಅವಶ್ಯಕತೆ ಇರಲಿಲ್ಲ.

ಐಪಿವಿ6 ಬೇಕಾದರೆ ಇದೇ ತಂತ್ರದ ಇನ್ನೊಂದು ರೂಪ ಇದೆ, `proxy_ndp` ಅಂತ. ರೂಟರ್‌ನ ಪ್ರಕಟಣೆಗಳು ಗೆಸ್ಟ್‌ಗೆ ದಾಟದ ಕಾರಣ ಅಲ್ಲೂ ವಿಳಾಸವನ್ನು ಕೈಯಾರೆ ಕೊಡಬೇಕು, ಜೊತೆಗೆ ಸಂಪರ್ಕ ಕೊಟ್ಟವರು ಮುಂಭಾಗದ ಅಂಕಿಗಳನ್ನು ಆಗಾಗ ಬದಲಿಸಿದರೆ ಪ್ರತಿ ಸಲ ಕೈ ಹಾಕಬೇಕಾಗುತ್ತದೆ. ಮನೆಯೊಳಗಿನ ಫೈಲ್ ಸರ್ವರ್‌ಗೆ ಅದು ಬೇಡ ಅಂತ ಗೆಸ್ಟ್‌ನಲ್ಲಿ ಐಪಿವಿ6 ಬಂದ್ ಮಾಡಿಬಿಟ್ಟೆವು.

ರೂಟರ್‌ನಲ್ಲಿ ವೈಫೈ ಕ್ಲೈಂಟ್‌ಗಳನ್ನು ಒಬ್ಬರಿಂದ ಒಬ್ಬರನ್ನು ಬೇರೆ ಮಾಡುವ ಆಯ್ಕೆ ಒತ್ತಿದ್ದರೆ, ಅತಿಥಿಗಳಿಗಾಗಿ ಇಟ್ಟ ವೈಫೈ ಹೆಸರಿನಲ್ಲಿ ಸಾಮಾನ್ಯವಾಗಿ ಒತ್ತಿರುತ್ತದೆ, ಆಗ ಫೋನಿನಿಂದ ಗೆಸ್ಟ್ ಸಿಗುವುದಿಲ್ಲ. ಇದಕ್ಕೆ ಯಾವ ಪ್ರಾಕ್ಸಿಯೂ ಪರಿಹಾರವಲ್ಲ, ಆ ಫೋನಿಗೆ ಲ್ಯಾಪ್‌ಟಾಪ್ ಕೂಡ ಸಿಗುತ್ತಿರುವುದಿಲ್ಲ. ಮೊದಲು 192.168.1.20ಕ್ಕೆ ಪಿಂಗ್ ಮಾಡಿ ನೋಡಿ, ಅದೂ ಹೋಗದಿದ್ದರೆ ಗೆಸ್ಟ್ ಕಡೆ ತಿರುಗಲೇಬೇಡಿ.

ಗೆಸ್ಟ್‌ನೊಳಗೆ ಓಡಬೇಕಾದದ್ದು ಡಿಎಚ್‌ಸಿಪಿ ಸರ್ವರ್ ಆಗಿದ್ದರೆ, ಅಥವಾ ಜಾಲವನ್ನೆಲ್ಲ ತಾನೇ ಹುಡುಕಿ ಹಿಡಿಯಬೇಕಾದ ಮನೆ ನಿಯಂತ್ರಣದ ತಂತ್ರಾಂಶವಾಗಿದ್ದರೆ, ನಾನು ಪ್ರಾಕ್ಸಿ ಎಆರ್‌ಪಿ ಹೇಳುತ್ತಿರಲಿಲ್ಲ. ಅಂಥವಕ್ಕೆ ನಿಜವಾದ ಎರಡನೇ ಪದರವೇ ಬೇಕು. ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಹಾಕಿ ರೂಟರ್‌ವರೆಗೆ ಕೇಬಲ್ ಎಳೆದರೆ ಮೊದಲಿನ `br0` ಹೆಜ್ಜೆಗಳೇ ನಡೆಯುತ್ತವೆ, `wlp3s0` ಜಾಗದಲ್ಲಿ ಆ ಅಡಾಪ್ಟರ್‌ನ ಹೆಸರು ಬರೆದರಾಯಿತು.